ಆಮೆಮರಿ ಕಡಲಿಗೆ ಹೋಗುವ ಕಥೆ: ಮಲಗುವಾಗ ಹೇಳಲು ಬರೆದಿದ್ದೇನೆ, ಚಂದ್ರನ ಭಾಗ ಸರಿಯಿದೆಯಾ?

ಶರಾವತಿ ದಡ
ಐದು ವರ್ಷದ ಮಗಳಿಗೆ ರಾತ್ರಿ ಹೇಳೋಕೆ ಒಂದು ಕಥೆ ಬರೆದಿದ್ದೇನೆ. ನಮ್ಮ ಊರು ಹೊನ್ನಾವರದ ಕಡೆ. ಅಲ್ಲಿನ ಮರಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಹಾಗಾಗಿ ಕಥೆಯೂ ಅಲ್ಲೇ ನಡೆಯುತ್ತದೆ. ಸಾರಾಂಶ ಇಷ್ಟು:

ಪುಟ್ಟ ಹಸಿರು ಆಮೆಮರಿ ಮೊಟ್ಟೆ ಒಡೆದು ಒಂದೇ ಏಟಿಗೆ ಮರಳಿಂದ ಮೇಲೆ ಬರುತ್ತದೆ. ದಾರಿ ಗೊತ್ತಾಗದೆ ಅಳುತ್ತದೆ. ಹುಣ್ಣಿಮೆ ಚಂದ್ರ "ನನ್ನ ಕಡೆ ಬಾ" ಎಂದು ಕರೆಯುತ್ತಾನೆ. ಏಡಿ ಬಂದಾಗ ಮರಿ ಚಿಪ್ಪಿನೊಳಗೆ ತಲೆ ಎಳೆದುಕೊಂಡು ಬಚಾವಾಗುತ್ತದೆ. ಅಲೆಯ ಆಚೆ ಅಮ್ಮ ಕಾಯುತ್ತಿರುತ್ತಾಳೆ. ಇಬ್ಬರೂ ಸೇರಿ ಆಳ ಕಡಲಿಗೆ ಹೋಗುತ್ತಾರೆ.

ಮಗಳು ಚಂದ್ರನ ಜಾಗದಲ್ಲೇ ತಡೆದಳು. "ಅಜ್ಜಿ ಮನೇಲಿ ಚಂದ್ರ ತೋಟದ ಕಡೆಯಿಂದ ಬರ್ತಾನೆ, ಕಡಲಿಂದ ಅಲ್ಲ. ಮರಿ ತೋಟಕ್ಕೆ ಹೋಗಲ್ವಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಿಳಿದವರು ಹೇಳಿ. ಕಥೆಯ ಚಂದ ಕೆಡದ ಹಾಗೆ ಸರಿ ಮಾಡಬೇಕು.

ಮಲೆನಾಡ ಮಳೆ
ಚಂದ್ರನ ಬೆಳಕು ನೋಡಿಯೇ ಹೋಗುವುದು. ಎಲ್ಲ ಪುಸ್ತಕಗಳಲ್ಲೂ ಹಾಗೇ ಇದೆ. ನೀರಿನ ಮೇಲೆ ಚಂದ್ರ ಹೊಳೆಯುತ್ತಾನಲ್ಲ, ಆ ಹೊಳಪಿನ ಕಡೆ ಹೋಗುತ್ತವೆ. ಮಗುವಿಗೆ ಅಷ್ಟು ಸಾಕು.

ಬೆಂಗಳೂರು ತಾತ
ಮಗುವಿನ ಪ್ರಶ್ನೆ ಬಹಳ ಚೆನ್ನಾಗಿದೆ! ಆದರೂ ಕಥೆಯಲ್ಲಿ ಚಂದಮಾಮ ಇರಲಿ ಬಿಡಿ. ನಿದ್ದೆ ಬರಿಸುವ ಕಥೆಗೆ ಅವನಿಗಿಂತ ಒಳ್ಳೆಯ ಪಾತ್ರ ಇಲ್ಲ.

ಕೋಡಿ ಕಡಲು
ನಿಮ್ಮ ಮಗಳು ಹೇಳಿದ್ದು ಸರಿ. ನಾನು ಕುಂದಾಪುರದ ಕಡೆ ಅರಣ್ಯ ಇಲಾಖೆಯವರ ಜೊತೆ ಗೂಡು ಕಾಯುವ ಕೆಲಸದಲ್ಲಿ ಕೈಜೋಡಿಸುತ್ತೇನೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮ ಕಡಲು ಪಶ್ಚಿಮಕ್ಕಿದೆ. ಹುಣ್ಣಿಮೆಯ ಚಂದ್ರ ಸಂಜೆ ಪೂರ್ವದಲ್ಲಿ, ಅಂದರೆ ತೆಂಗಿನ ತೋಟದ ಹಿಂದೆ ಏಳುತ್ತಾನೆ. ಮರಿಗಳು ಸಾಮಾನ್ಯವಾಗಿ ಕತ್ತಲಾದ ಮೇಲೆ ಹೊರಬರುತ್ತವೆ. ರಾತ್ರಿ ಎಂಟಕ್ಕೆ ಬಂದವು ಅಂದುಕೊಳ್ಳಿ. ಆಗ ಚಂದ್ರ ಅವುಗಳ ಬೆನ್ನ ಹಿಂದೆ ಇರುತ್ತಾನೆ. ಚಂದ್ರನನ್ನೇ ನಂಬಿದ್ದರೆ ಆ ರಾತ್ರಿ ಅಷ್ಟೂ ಮರಿಗಳು ತೋಟ ಸೇರಬೇಕಿತ್ತು. ಹಾಗಾಗುವುದಿಲ್ಲ. ಅಮಾವಾಸ್ಯೆ ದಿನವೂ ಅವು ನೆಟ್ಟಗೆ ನೀರಿಗೇ ಹೋಗುತ್ತವೆ.

ಮರಿ ನೋಡುವುದು ಆಕಾಶದಲ್ಲಿ ಮೇಲೆ ಇರುವ ಒಂದು ದೀಪವನ್ನಲ್ಲ. ಅದರ ಕಣ್ಣು ನೆಲಕ್ಕೆ ಅಂಟಿದ ಹಾಗೆ ಇರುತ್ತದೆ. ಎಡದಿಂದ ಬಲದವರೆಗೆ ಅಗಲವಾಗಿ, ಆದರೆ ದಿಗಂತದ ಹತ್ತಿರ ಮಾತ್ರ ನೋಡಿ, ಒಟ್ಟಾರೆ ಯಾವ ಕಡೆ ಬೆಳಕು ಜಾಸ್ತಿ ಅಂತ ಲೆಕ್ಕ ಹಾಕುತ್ತದೆ. ನೀರಿನ ಮೇಲೆ ಅಡ್ಡ ಏನೂ ಇಲ್ಲ. ನಕ್ಷತ್ರಗಳ ಬೆಳಕೇ ಸಾಕು, ಆ ಕಡೆ ದಿಗಂತ ಉದ್ದಕ್ಕೂ ತೆಳ್ಳಗೆ ಬೆಳ್ಳಗಿರುತ್ತದೆ. ಹಿಂದೆ ಮರಳ ದಿಬ್ಬ, ಗಾಳಿಮರ, ತೆಂಗು ಸೇರಿ ಎತ್ತರದ ಕಪ್ಪು ಗೋಡೆ. ಮರಿ ಎತ್ತರದ ಕಪ್ಪನ್ನು ಬಿಟ್ಟು ತಗ್ಗಿನ ಬೆಳಕಿನ ಕಡೆ ನಡೆಯುತ್ತದೆ.

ಶರಾವತಿ ದಡ
ಅಬ್ಬಾ, ಇದು ಚಂದ್ರನಿಗಿಂತ ಚೆನ್ನಾಗಿದೆ. "ಹಿಂದೆ ಕಪ್ಪು ತೋಟ, ಮುಂದೆ ಬೆಳ್ಳಗಿನ ಗೆರೆ" ಅಂತ ಹೇಳಬಹುದು. ಅವಳಿಗೆ ಅಜ್ಜಿ ಮನೆ ತೋಟ ಗೊತ್ತು.

ಫ್ಲೋರಿಡಾ ಕನ್ನಡತಿ
ಚಂದ್ರನ ಕಥೆ ಎಲ್ಲಿಂದ ಬಂತು ಅಂತ ನನಗೊಂದು ಊಹೆ ಇದೆ. ನಾನಿರುವುದು ಫ್ಲೋರಿಡಾದ ಪೂರ್ವ ಕರಾವಳಿಯಲ್ಲಿ. ಇಲ್ಲಿ ಲಾಗರ್‌ಹೆಡ್ ಆಮೆಗಳು ಮೊಟ್ಟೆ ಇಡುತ್ತವೆ. ಮರಿಗಳ ಮೇಲೆ ನಡೆದ ಹೆಸರಾಂತ ಪ್ರಯೋಗಗಳಲ್ಲಿ ಬಹಳಷ್ಟು ಇಲ್ಲೇ ನಡೆದವು. ಇಲ್ಲಿ ಕಡಲು ಪೂರ್ವಕ್ಕೆ. ಚಂದ್ರ ನಿಜವಾಗಿಯೂ ನೀರಿನ ಮೇಲೇ ಏಳುತ್ತಾನೆ. ಒಡಿಶಾದ ಗಹಿರ್‌ಮಾಥಾದಲ್ಲೂ ಹಾಗೇ. ಇಂಥ ದಡದಲ್ಲಿ ಕೂತು ಬರೆದವರಿಗೆ ಚಂದ್ರನೇ ದಾರಿ ತೋರಿಸಿದ ಹಾಗೆ ಕಂಡಿದ್ದರೆ ಆಶ್ಚರ್ಯ ಇಲ್ಲ. ಆ ಕಥೆಯನ್ನು ನಾವು ಪಶ್ಚಿಮದ ದಡಕ್ಕೆ ಹಾಗೇ ತಂದುಬಿಟ್ಟಿದ್ದೇವೆ.

ಮಲೆನಾಡ ಮಳೆ
ಒಪ್ಪುತ್ತೇನೆ. ಆದರೆ ಚಂದ್ರನಿಂದ ಏನೂ ಉಪಯೋಗವೇ ಇಲ್ಲ ಅಂತಲಾ?

ಕೋಡಿ ಕಡಲು
ಇದೆ, ಬೇರೆ ರೀತಿಯಲ್ಲಿ. ಬೆಳದಿಂಗಳು ಇದ್ದಾಗ ಇಡೀ ದಡ ಬೆಳಗುತ್ತದೆ. ಆಗ ಯಾವುದೋ ಅಂಗಡಿಯ ಒಂದು ಬಲ್ಬು ಅಷ್ಟು ಎದ್ದು ಕಾಣುವುದಿಲ್ಲ. ಕತ್ತಲ ರಾತ್ರಿಯಲ್ಲಿ ಅದೇ ಬಲ್ಬು ಮರಿಗಳನ್ನು ಸೆಳೆದುಬಿಡುತ್ತದೆ. ನಮಗೆ ಹೆಚ್ಚು ಭಯ ಅಮಾವಾಸ್ಯೆಯ ಆಸುಪಾಸು.

ಬೆಳಿಗ್ಗೆ ಮರಳ ಮೇಲಿನ ಗುರುತು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಚೆನ್ನಾಗಿ ಹೋಗಿದ್ದರೆ ಗೂಡಿನಿಂದ ನೀರಿನವರೆಗೆ ಸಣ್ಣ ಸಣ್ಣ ಗೆರೆಗಳು ಒತ್ತಾಗಿ, ಒಂದೇ ದಿಕ್ಕಿಗೆ ಇರುತ್ತವೆ. ದೀಪ ಕೆಡಿಸಿದ್ದರೆ ಗೆರೆಗಳು ಚದುರಿರುತ್ತವೆ. ಕೆಲವು ಸುತ್ತು ಹೊಡೆದಿರುತ್ತವೆ. ಕೆಲವು ದಡಕ್ಕೆ ಅಡ್ಡವಾಗಿ ಬಹಳ ದೂರ ಹೋಗಿ ಬಳ್ಳಿಯ ಒಳಗೆ ನಿಂತಿರುತ್ತವೆ. ಅಲ್ಲಿ ಹುಡುಕಿದರೆ ಮರಿ ಸಿಗುತ್ತದೆ, ಬದುಕಿದ್ದೋ ಇಲ್ಲವೋ ಅದು ಎಷ್ಟು ಬೇಗ ಹೋದೆವು ಅನ್ನುವುದರ ಮೇಲೆ. ಬಿಸಿಲೇರಿದ ಮೇಲೆ ಕಾಗೆ, ಹದ್ದು ಬಿಡುವುದಿಲ್ಲ.

ದುಬೈ ಬಾವಿಕಟ್ಟೆ
ನಮ್ಮ ಹಳ್ಳಿ ಮನೆಯ ಬಾವಿಯಲ್ಲಿ ಒಂದು ಆಮೆ ಇದೆ, ಅಪ್ಪನ ಕಾಲದಿಂದಲೂ. ಅದಕ್ಕೂ ಬೆಳಕು ಕಂಡರೆ ಆಗಲ್ಲ. ಟಾರ್ಚ್ ಬಿಟ್ಟರೆ ತಲೆ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ಕಡಲಿಗೆ ಬಿಟ್ಟರೆ ಖುಷಿಯಾಗಿ ಇರುತ್ತದಾ? ಮಕ್ಕಳು ಕೇಳುತ್ತಿದ್ದಾರೆ.

ಕೋಡಿ ಕಡಲು
ಅಯ್ಯೋ, ದಯವಿಟ್ಟು ಬಿಡಬೇಡಿ. ಅದು ಸಿಹಿನೀರಿನ ಆಮೆ, ಉಪ್ಪುನೀರಲ್ಲಿ ಸಾಯುತ್ತದೆ. ಆದರೆ ನೀವು ಹೇಳಿದ್ದರಿಂದ ಕಥೆಯ ಇನ್ನೊಂದು ಜಾಗ ನೆನಪಾಯಿತು. ಬಾವಿ ಆಮೆ ತಲೆ ಒಳಗೆ ಎಳೆದುಕೊಳ್ಳುತ್ತದೆ. ಕಡಲಾಮೆಗೆ ಅದು ಆಗುವುದಿಲ್ಲ. ತಲೆಯೂ ಈಜುಗಾಲುಗಳೂ ಯಾವಾಗಲೂ ಹೊರಗೇ. ಏಡಿ ಬಂದಾಗ ಮರಿಗೆ ಇರುವುದು ಒಂದೇ ಉಪಾಯ, ನಿಲ್ಲದೆ ಓಡುವುದು.

ಬಲೆಮನೆ
ನಮ್ಮದು ಮೀನುಗಾರರ ಮನೆ, ಕಾಸರಕೋಡ ಟೊಂಕದ ಹತ್ತಿರ. ಚಿಕ್ಕವರಿದ್ದಾಗಿಂದ ನೋಡಿದ್ದೇವೆ. ಮರಿ ಹಸಿರು ಅಲ್ಲವೇ ಅಲ್ಲ. ಕಪ್ಪು, ಒಣಗಿದಾಗ ಬೂದಿ. ದೊಡ್ಡದಾದ ಮೇಲೆ ಬೆನ್ನಿಗೆ ಆ ಹಸಿರು-ಬೂದಿ ಬಣ್ಣ ಬರುವುದು. ಇನ್ನೊಂದು, ಒಂದೇ ಮರಿ ಅಂತ ಬರೆದಿದ್ದೀರಿ. ಒಂದೇ ಬರಲ್ಲ. ಮರಳು ಮೊದಲು ಸ್ವಲ್ಪ ಕುಸಿಯುತ್ತದೆ, ಆಮೇಲೆ ಕುದಿಯುವ ಹಾಗೆ ಎಲ್ಲ ಒಟ್ಟಿಗೆ ಮೇಲೆ ಬರುತ್ತವೆ. ನೋಡಬೇಕು ಅದನ್ನು.

ಮೂರನೇ ಕ್ಲಾಸ್ ಟೀಚರ್
"ಒಂದೇ ಏಟಿಗೆ ಮೇಲೆ ಬರುತ್ತದೆ" ಅನ್ನುವುದೂ ಸರಿಯಲ್ಲ ಅಲ್ವಾ? ಎಷ್ಟು ದಿನ ಬೇಕು ಮರಳಿಂದ ಹೊರಗೆ ಬರಲು?

ಕೋಡಿ ಕಡಲು
ಮೊಟ್ಟೆ ಒಡೆದ ಮೇಲೆ ಕೆಲವು ದಿನ ಒಳಗೇ ಇರುತ್ತವೆ. ಗೂಡಿನ ತಳ ಸುಮಾರು ಒಂದೂವರೆ ಅಡಿ ಕೆಳಗೆ. ಒಂದು ಗೂಡಲ್ಲಿ ನೂರು, ನೂರಿಪ್ಪತ್ತು ಮೊಟ್ಟೆ. ಒಂದು ಮರಿಗೆ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಇಪ್ಪತ್ತು ಗ್ರಾಂ ಒಳಗೆ ತೂಕ. ಒಂಟಿಯಾಗಿ ಅಷ್ಟು ಮರಳು ತೋಡುವುದು ಬಹಳ ಕಷ್ಟ.

ಒಟ್ಟಿಗೆ ಹೇಗೆ ಬರುತ್ತವೆ ಅಂದರೆ, ಮೇಲಿರುವ ಮರಿಗಳು ಚಾವಣಿಯ ಮರಳನ್ನು ಕೆರೆಯುತ್ತವೆ. ಅದು ಸಂದುಗಳಲ್ಲಿ ಕೆಳಗೆ ಬೀಳುತ್ತದೆ. ಕೆಳಗಿನವು ಅದನ್ನು ತುಳಿಯುತ್ತವೆ. ಚಾವಣಿ ಮೇಲೆ ಹೋಗುತ್ತದೆ, ನೆಲವೂ ಮೇಲೆ ಬರುತ್ತದೆ. ಇಡೀ ಕೋಣೆಯೇ ಮರಿಗಳ ಸಮೇತ ನಿಧಾನಕ್ಕೆ ಮೇಲೇರುತ್ತದೆ. ಒಂದು ಸುಸ್ತಾಗಿ ನಿಂತರೆ ಎಲ್ಲವೂ ನಿಲ್ಲುತ್ತವೆ. ಒಂದು ಒದ್ದಾಡಿದರೆ ಪಕ್ಕದ್ದೂ ಶುರು ಮಾಡುತ್ತದೆ.

ಮೇಲ್ಪದರಕ್ಕೆ ಬಂದಾಗ ಹಗಲಾಗಿದ್ದರೆ ಮರಳು ಬಿಸಿ. ಬಿಸಿ ತಾಗಿದ ಕೂಡಲೇ ಅವು ಅಲ್ಲಾಡದೆ ನಿಂತುಬಿಡುತ್ತವೆ. ಸಂಜೆ ಮರಳು ತಣ್ಣಗಾದ ಮೇಲೆ ಹೊರಗೆ. ಹೀಗಾಗಿ ರಾತ್ರಿ ಆಯಿತು ಅಂತ ಅವಕ್ಕೆ ಗೊತ್ತಾಗುವುದು ಮರಳ ತಂಪಿನಿಂದ. ಜೋರು ಮಳೆ ಬಂದು ಮರಳು ತಣ್ಣಗಾದರೆ ಹಗಲಲ್ಲೂ ಬಂದುಬಿಡುವುದುಂಟು.

ಶರಾವತಿ ದಡ
ಇದನ್ನು ಓದಿ ಮೈ ಜುಮ್ಮೆಂದಿತು. ಅಮ್ಮನ ಭಾಗ ಮಾತ್ರ ಮುಟ್ಟಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಬಲೆಮನೆ
ಅಕ್ಕ, ಅಮ್ಮ ಕಾಯುವುದಿಲ್ಲ. ಮೊಟ್ಟೆ ಇಟ್ಟು, ಮರಳು ಮುಚ್ಚಿ, ಮೈಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿ ಅದೇ ರಾತ್ರಿ ಹೋಗುತ್ತಾಳೆ. ಮರಿ ಬರುವುದು ಒಂದೂವರೆ, ಎರಡು ತಿಂಗಳ ಮೇಲೆ.

ಬೆಂಗಳೂರು ತಾತ
ಇಲ್ಲಿ ನಾನು ಜಗಳಕ್ಕೆ ನಿಲ್ಲುತ್ತೇನೆ. ಐದು ವರ್ಷದ ಮಗು ಕತ್ತಲೆಯಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ "ಅಮ್ಮ ಇಲ್ಲ" ಅಂತ ಹೇಳುವುದಾ? ಕಥೆಯಲ್ಲಿ ಆಮೆ ಮಾತಾಡುತ್ತದೆ, ಅದು ನಿಜವಾ? ಮಾತಾಡಬಹುದು ಅಂದರೆ ಅಮ್ಮ ಕಾಯಬಹುದು. ಮೊಮ್ಮಕ್ಕಳಿಗೆ ಕಥೆ ಹೇಳಿಯೇ ನನ್ನ ಗಂಟಲು ಸವೆದಿದೆ. ಮಗುವಿಗೆ ಬೇಕಾಗಿರುವುದು ಧೈರ್ಯ. ವಿವರ ದೊಡ್ಡದಾದ ಮೇಲೆ ತಾನೇ ಓದಿಕೊಳ್ಳುತ್ತದೆ.

ಮೂರನೇ ಕ್ಲಾಸ್ ಟೀಚರ್
ಸರ್, ಮಾತಾಡುವುದು ಬೇರೆ. ಆಮೆ ಮಾತಾಡಲ್ಲ ಅಂತ ಮಗುವಿಗೂ ಗೊತ್ತು. ಅಮ್ಮ ಕಾಯುತ್ತಾಳೆ ಅನ್ನುವುದನ್ನು ಮಾತ್ರ ನಿಜ ಅಂತಲೇ ನಂಬುತ್ತದೆ. ಮರಿಗಳನ್ನು ಕಡಲಿಗೆ ಬಿಡುವುದನ್ನು ನೋಡಲು ಹೋದಾಗ ನನ್ನ ಕ್ಲಾಸಿನ ಮಕ್ಕಳು "ಅಮ್ಮ ಆಮೆ ಎಲ್ಲಿ, ಯಾಕೆ ಬಂದಿಲ್ಲ?" ಅಂತ ಕೇಳುತ್ತಾ ನೀರನ್ನೇ ನೋಡುತ್ತಾ ನಿಂತಿದ್ದರು. ಒಂದು ಹುಡುಗಿ ಅತ್ತೇಬಿಟ್ಟಳು. ಸುಳ್ಳು ಧೈರ್ಯ ಕೊಟ್ಟರೆ ಹೀಗೂ ಆಗುತ್ತದೆ.

ಫ್ಲೋರಿಡಾ ಕನ್ನಡತಿ
ನಡುದಾರಿ ಒಂದಿದೆ. ಅಮ್ಮ ಬಿಟ್ಟುಹೋಗುವ ಮೊದಲು ಏನು ಕೊಟ್ಟಳು ಅಂತ ಹೇಳಿ. ಮೊಟ್ಟೆಯೊಳಗೆ ಇಟ್ಟ ಹಳದಿ ಭಂಡಾರ ಮರಿಯ ಹೊಟ್ಟೆಯಲ್ಲಿ ಇನ್ನೂ ಉಳಿದಿರುತ್ತದೆ. ಕಡಲಿಗೆ ಇಳಿದ ಮೇಲೂ ಕೆಲವು ದಿನ ಮರಿ ಏನೂ ತಿನ್ನದೆ ಈಜುವುದು ಅದರ ಬಲದಿಂದ. ಅಮ್ಮ ಕಟ್ಟಿಕೊಟ್ಟ ಬುತ್ತಿ! ಇದರಲ್ಲಿ ಸುಳ್ಳು ಒಂದಿಷ್ಟೂ ಇಲ್ಲ.

ಶರಾವತಿ ದಡ
ಬುತ್ತಿ! ಇದನ್ನು ಖಂಡಿತ ತೆಗೆದುಕೊಳ್ಳುತ್ತೇನೆ.

ಬೆಂಗಳೂರು ತಾತ
ಬುತ್ತಿ ಚೆನ್ನಾಗಿದೆ. ಆದರೂ ಅಮ್ಮ ಇರಬೇಕಿತ್ತು ಅನ್ನುವ ಮಾತನ್ನು ನಾನು ಬಿಡಲ್ಲ.

ಮಲೆನಾಡ ಮಳೆ
ಹಳದಿ ಬುತ್ತಿ ಅಂದರೆ ನೆನಪಾಯಿತು. ಮರಿಗಳನ್ನು ಎರಡು ದಿನ ಟಬ್‌ನಲ್ಲಿಟ್ಟು, ಚೆನ್ನಾಗಿ ಬಲ ಬಂದ ಮೇಲೆ ಬಿಟ್ಟರೆ ಜಾಸ್ತಿ ಬದುಕುತ್ತವೆ ಅಲ್ವಾ? ಕಥೆಯಲ್ಲಿ ಒಬ್ಬ ಹುಡುಗ ಹಾಗೆ ಸಾಕಿ, ಕೈಯಲ್ಲಿ ಎತ್ತಿ ನೀರಿಗೆ ಬಿಡುವ ಹಾಗೆ ಮಾಡಿ. ಮಗುವಿಗೆ ತಾನೇ ಮಾಡಿದ ಹಾಗೆ ಅನಿಸುತ್ತದೆ.

ಮೂರನೇ ಕ್ಲಾಸ್ ಟೀಚರ್
ಬೇಡ, ದಯವಿಟ್ಟು. ನಾನು ಮಕ್ಕಳನ್ನು ಕರೆದುಕೊಂಡು ಹೋಗಿದ್ದು ಅಂಥದ್ದೇ ಒಂದು ಕಾರ್ಯಕ್ರಮಕ್ಕೆ. ಮರಿಗಳು ಹಿಂದಿನ ರಾತ್ರಿಯೇ ಹೊರಬಂದಿದ್ದವು. ಅತಿಥಿಗಳು ಬರಲಿ ಅಂತ ಮಾರನೇ ದಿನದವರೆಗೆ ನೀರಿನ ಟಬ್‌ನಲ್ಲಿ ಇಟ್ಟಿದ್ದರು. ಬಿಟ್ಟಾಗ ಅರ್ಧಕ್ಕರ್ಧ ಮರಿಗಳು ಸರಿಯಾಗಿ ನಡೆಯಲೇ ಇಲ್ಲ. ಮೇಲೆ ಹದ್ದುಗಳು ಸುತ್ತುತ್ತಿದ್ದವು. ಫೋಟೋ ಎಲ್ಲರೂ ತೆಗೆದುಕೊಂಡರು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೋಡಿ ಕಡಲು
ಟೀಚರ್ ನೋಡಿದ್ದು ಇದೇ: ಹೊರಬಂದ ಗಳಿಗೆಯಿಂದ ಮರಿಗೆ ಒಂದು ಹುಚ್ಚು ಆವೇಶ ಇರುತ್ತದೆ. ಸುಮಾರು ಒಂದು ಹಗಲು ಒಂದು ರಾತ್ರಿ ನಿಲ್ಲದೆ ಕೈಕಾಲು ಆಡಿಸುತ್ತದೆ. ಆ ಆವೇಶ ಇರುವುದೇ ದಡದ ಹತ್ತಿರದ ನೀರನ್ನು ಬೇಗ ದಾಟಲು. ಅಲ್ಲೇ ದೊಡ್ಡ ಮೀನುಗಳು ಜಾಸ್ತಿ. ಟಬ್‌ನಲ್ಲಿಟ್ಟರೆ ಮರಿ ಟಬ್ಬಿನ ಗೋಡೆಗೆ ಈಜಿ ಈಜಿ ಬುತ್ತಿಯನ್ನೂ ಆವೇಶವನ್ನೂ ಅಲ್ಲೇ ಖರ್ಚು ಮಾಡುತ್ತದೆ. ಹೊರಬಂದ ಮರಿಯನ್ನು ಅದೇ ರಾತ್ರಿ, ಕತ್ತಲಲ್ಲಿ, ತಾನೇ ನಡೆದು ಹೋಗಲು ಬಿಡಬೇಕು.

ಎತ್ತಿ ನೀರಿಗೆ ಬಿಡುವುದೂ ಬೇಡ. ನಡೆಯುವಾಗಲೇ ಮರಿ ತಾನು ಯಾವ ದಿಕ್ಕಿಗೆ ಹೋಗುತ್ತಿದ್ದೇನೆ ಅಂತ ಮೈಗೆ ಹಾಕಿಕೊಳ್ಳುತ್ತದೆ. ಆ ದಿಕ್ಕು ಮುಂದೆ ಬೇಕಾಗುತ್ತದೆ.

ದುಬೈ ಬಾವಿಕಟ್ಟೆ
ಮುಂದೆ ಅಂದರೆ? ನೀರಿಗೆ ಇಳಿದ ಮೇಲೆ ಬೆಳಕಿನ ಗೆರೆ ಕಾಣಲ್ಲ ಅಲ್ವಾ? ಅಲೆ ಎದ್ದರೆ ಅಷ್ಟು ಸಣ್ಣ ಮರಿಗೆ ಏನೂ ಕಾಣಲ್ಲ.

ಫ್ಲೋರಿಡಾ ಕನ್ನಡತಿ
ಸರಿಯಾದ ಪ್ರಶ್ನೆ. ನೀರಿಗೆ ಇಳಿದ ಕೂಡಲೇ ದಾರಿ ಹಿಡಿಯುವ ರೀತಿಯೇ ಬದಲಾಗುತ್ತದೆ. ಅಲ್ಲಿಂದ ಮರಿ ಅಲೆಗೆ ಎದುರಾಗಿ ಈಜುತ್ತದೆ. ದಡದ ಹತ್ತಿರ ಬರುವಾಗ ಅಲೆಗಳು ತಿರುಗಿ ದಡಕ್ಕೆ ನೇರವಾಗಿಯೇ ಬರುತ್ತವೆ. ಆದ್ದರಿಂದ ಅಲೆಗೆ ಎದುರು ಹೋದರೆ ದಡದಿಂದ ದೂರ ಹೋದ ಹಾಗೆಯೇ.

ಚಂದದ ವಿಷಯ ಅಂದರೆ ಮರಿ ಅಲೆಯನ್ನು ಕಣ್ಣಿಂದ ನೋಡಬೇಕಾಗಿಲ್ಲ. ಕತ್ತಲಲ್ಲಿ, ನೀರಿನ ಒಳಗೆ ಇದ್ದರೂ ಸಾಕು. ಅಲೆ ಹಾಯುವಾಗ ಮೈಯನ್ನು ಜೋಕಾಲಿಯ ಹಾಗೆ ತೂಗುತ್ತದೆ. ಅಲೆಗೆ ಮುಖ ಮಾಡಿದ್ದರೆ ಮೊದಲು ಮೇಲೆ, ಆಮೇಲೆ ಹಿಂದಕ್ಕೆ, ಆಮೇಲೆ ಕೆಳಗೆ, ಕೊನೆಗೆ ಮುಂದಕ್ಕೆ. ಬೆನ್ನು ಮಾಡಿದ್ದರೆ ಈ ಕ್ರಮ ಬೇರೆಯಾಗುತ್ತದೆ. ಆ ವ್ಯತ್ಯಾಸದಿಂದಲೇ ಮರಿ ತಿರುಗಿಕೊಳ್ಳುತ್ತದೆ. ನೀರಿಲ್ಲದೆ ಗಾಳಿಯಲ್ಲೇ ಮರಿಯನ್ನು ಕಟ್ಟಿ ಯಂತ್ರದಿಂದ ಹಾಗೆ ತೂಗಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಮರಿ ಅಲ್ಲೂ ತಿರುಗಲು ನೋಡುತ್ತದೆ!

ಶರಾವತಿ ದಡ
ಮೇಲೆ, ಹಿಂದೆ, ಕೆಳಗೆ, ಮುಂದೆ. ಇದನ್ನು ಹೇಳುತ್ತಾ ಮಗಳನ್ನು ಮೆಲ್ಲಗೆ ತೂಗಬಹುದು. ನಿದ್ದೆಯ ಕಥೆಗೆ ಇದಕ್ಕಿಂತ ಬೇರೆ ಏನು ಬೇಕು!

ಬಲೆಮನೆ
ಆದರೆ ಹೊರಗೆ ದೂರ ಹೋದ ಮೇಲೆ ಅಲೆ ಯಾವ ಕಡೆಯಿಂದ ಬೇಕಾದರೂ ಬರುತ್ತದೆ. ಗಾಳಿ ಹೇಗೋ ಅಲೆ ಹಾಗೆ. ದಡದ ಹತ್ತಿರದ ಮಾತು ಬೇರೆ, ಅಲ್ಲಿಯ ಮಾತು ಬೇರೆ. ಇದು ದೋಣಿಯವರಿಗೆಲ್ಲ ಗೊತ್ತು.

ಫ್ಲೋರಿಡಾ ಕನ್ನಡತಿ
ಹೌದು, ಅಲ್ಲಿಗೆ ಬೇಕಾಗುವುದು ಮೂರನೆಯದು, ಭೂಮಿಯ ಕಾಂತ. ಕೆನ್ ಲೋಮನ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಇಲ್ಲಿನ ಲಾಗರ್‌ಹೆಡ್ ಮರಿಗಳನ್ನು ಕತ್ತಲ ತೊಟ್ಟಿಯಲ್ಲಿ ಈಜಲು ಬಿಟ್ಟರು. ಸುತ್ತ ತಂತಿ ಸುರುಳಿ ಕಟ್ಟಿ ಕಾಂತದ ದಿಕ್ಕನ್ನು ತಿರುಗಿಸಿದರು. ಮರಿಗಳೂ ತಿರುಗಿದವು. ಕೋಡಿ ಕಡಲು ಹೇಳಿದ್ದು ಇಲ್ಲಿ ಸೇರುತ್ತದೆ. ಬೆಳಕು ನೋಡಿ ನಡೆದ ದಿಕ್ಕು, ಅಲೆಗೆ ಎದುರಾಗಿ ಈಜಿದ ದಿಕ್ಕು, ಇವನ್ನು ಮರಿ ಕಾಂತದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಬೆಳಕೂ ಅಲೆಯೂ ಕೈಬಿಟ್ಟ ಮೇಲೆ ಅದೇ ದಿಕ್ಕಿಗೆ ಮುಂದುವರಿಯುತ್ತದೆ.

ಕೋಡಿ ಕಡಲು
ಒಂದು ಮಾತು ಸೇರಿಸುತ್ತೇನೆ. ಆ ಪ್ರಯೋಗ ಲಾಗರ್‌ಹೆಡ್ ಮೇಲೆ, ಅಟ್ಲಾಂಟಿಕ್ ದಡದಲ್ಲಿ ಆದದ್ದು. ನಮ್ಮ ರಿಡ್ಲೆ ಮರಿಗೂ ಹಾಗೇ ಅಂತ ನಂಬಲು ಕಾರಣ ಇದೆ, ಆದರೆ ಅರಬ್ಬಿ ಸಮುದ್ರದಲ್ಲಿ ಅದು ಯಾವ ದಾರಿ ಹಿಡಿಯುತ್ತದೆ ಅಂತ ಗೆರೆ ಎಳೆದು ತೋರಿಸಲು ಆಗಲ್ಲ. ಇಪ್ಪತ್ತು ಗ್ರಾಂ ಮೈಗೆ ದೊಡ್ಡ ಆಮೆಗೆ ಅಂಟಿಸುವಂಥ ಸ್ಯಾಟಲೈಟ್ ಟ್ಯಾಗ್ ಕಟ್ಟಲು ಸಾಧ್ಯವಿಲ್ಲ. ಕಥೆಯಲ್ಲಿ "ಲಕ್ಷದ್ವೀಪಕ್ಕೆ ಹೋಯಿತು" ಅಂತೆಲ್ಲ ಊರು ಹೆಸರಿಸಬೇಡಿ. ಆಳ ನೀರು, ತೇಲುವ ಕಸಕಡ್ಡಿ, ಪಾಚಿ, ಅದರಲ್ಲಿ ಸಿಗುವ ಸಣ್ಣ ಹುಳುಹುಪ್ಪಟೆ ಅಂದರೆ ಸಾಕು.

ಮಲೆನಾಡ ಮಳೆ
ಸಾವಿರ ಮರಿಯಲ್ಲಿ ಒಂದು ಮಾತ್ರ ಬದುಕುತ್ತದೆ ಅಂತ ಓದಿದ್ದೇನೆ. ಅದನ್ನು ಹಾಕುತ್ತೀರಾ?

ಕೋಡಿ ಕಡಲು
ಅದು ಯಾರೋ ಒಂದೊಂದಾಗಿ ಎಣಿಸಿದ ಸಂಖ್ಯೆಯಲ್ಲ, ಅಂದಾಜು. ಬಹಳ ಕಡಿಮೆ ಬದುಕುತ್ತವೆ ಅನ್ನುವುದು ಮಾತ್ರ ಖಚಿತ.

ಬೆಂಗಳೂರು ತಾತ
ಮಲಗುವ ಹೊತ್ತಿನ ಕಥೆಯಲ್ಲಿ ಸಾವಿನ ಲೆಕ್ಕ ಬೇಡವೇ ಬೇಡ. ಇದಕ್ಕೆ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಬಲೆಮನೆ
ಲೆಕ್ಕ ಬೇಡ, ಏಡಿ ಬೇಕು. ನಮ್ಮನೆ ಮಕ್ಕಳು ಏಡಿ ಮರಿಯನ್ನು ಬಿಲಕ್ಕೆ ಎಳೆಯುವುದನ್ನು ಕಣ್ಣಾರೆ ನೋಡಿದ್ದಾರೆ. ಹೆದರಲಿಲ್ಲ. ಏಡಿಗೂ ಹೊಟ್ಟೆ ಇದೆ ಅಂತ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಏಡಿಯನ್ನು ದುಷ್ಟ ಮಾಡಬೇಡಿ.

ಶರಾವತಿ ದಡ
ಎಲ್ಲರ ಮಾತು ಸೇರಿಸಿ ಮತ್ತೆ ಬರೆದಿದ್ದೇನೆ. ಹೆಸರು ಚುಕ್ಕಿ. ಮೊದಲ ಅರ್ಧ ಸ್ವಲ್ಪ ಬೇಗ, ಎರಡನೇ ಅರ್ಧ ನಿಧಾನಕ್ಕೆ ಓದಬೇಕು.

*ಮರಳಿನ ಕೆಳಗೆ ಕತ್ತಲೆ. ಆ ಕತ್ತಲೆಯಲ್ಲಿ ನೂರು ಮರಿಗಳು ಒಂದರ ಮೇಲೊಂದು ಮಲಗಿದ್ದವು. ನಡುವೆ ಒಂದು ಚುಕ್ಕಿ.*

*ಮೇಲಿನ ತಂಗಿ ಕೆರೆದಳು. ಮರಳು ಬಿತ್ತು. ಕೆಳಗಿನ ಅಕ್ಕ ತುಳಿದಳು. ಮರಳು ಕೂತಿತು. ಕೆರೆ ಕೆರೆ, ತುಳಿ ತುಳಿ. ಮನೆ ಒಂದು ಬೆರಳು ಮೇಲೆ ಬಂತು. ಸುಸ್ತಾಯಿತು. ಎಲ್ಲರೂ ನಿಂತರು. ಯಾರೋ ಒಬ್ಬರು ಅಲ್ಲಾಡಿದರು. ಮತ್ತೆ ಕೆರೆ ಕೆರೆ, ತುಳಿ ತುಳಿ.*

*ಚುಕ್ಕಿಯ ಮೂಗಿಗೆ ಬಿಸಿ ತಾಗಿತು. "ಇನ್ನೂ ಹಗಲು, ಸುಮ್ನಿರಿ," ಅಂದಿತು ಮರಳು. ಎಲ್ಲರೂ ಸುಮ್ನಿದ್ದರು. ಆಮೇಲೆ ಮೂಗಿಗೆ ತಂಪು ತಾಗಿತು. "ಈಗ ಹೊರಡಿ," ಅಂದಿತು ಮರಳು.*

*ಹೊರಗೆ ಬಂದಾಗ ಗಾಳಿ ಬೀಸುತ್ತಿತ್ತು. ಹಿಂದೆ ಎತ್ತರದ ಕಪ್ಪು ತೋಟ. ತೋಟದ ಹಿಂದೆ ಚಂದ್ರ. ಮುಂದೆ, ತಗ್ಗಿನಲ್ಲಿ, ಉದ್ದಕ್ಕೂ ಒಂದು ಬೆಳ್ಳಗಿನ ಗೆರೆ. ಚುಕ್ಕಿ ಕಪ್ಪನ್ನು ಬಿಟ್ಟು ಗೆರೆಯ ಕಡೆ ಓಡಿತು. ಬಿಲದ ಬಾಗಿಲಲ್ಲಿ ಬಿಳಿ ಏಡಿ ಕೂತಿತ್ತು. ಅದಕ್ಕೂ ಹಸಿವು. ಚುಕ್ಕಿ ನಿಲ್ಲಲಿಲ್ಲ. ಏಡಿ ಬೇರೆ ಕಡೆ ಹೋಯಿತು.*

*ನೀರು ಬಂತು. ಚುಕ್ಕಿಯನ್ನು ಮಗುಚಿತು, ಹಿಂದಕ್ಕೆ ತಳ್ಳಿತು. ಇನ್ನೊಂದು ಅಲೆ ಬಂತು, ಎತ್ತಿಕೊಂಡಿತು. ಈಗ ಗೆರೆ ಕಾಣುತ್ತಿಲ್ಲ. ಕಾಣಬೇಕಾಗಿಯೂ ಇಲ್ಲ. ಅಲೆ ತೂಗುತ್ತದೆ. ಮೇಲೆ, ಹಿಂದೆ, ಕೆಳಗೆ, ಮುಂದೆ. ಮೇಲೆ, ಹಿಂದೆ, ಕೆಳಗೆ, ಮುಂದೆ. ಹೀಗೆ ತೂಗುವವರೆಗೂ ದಾರಿ ಸರಿ ಇದೆ.*

*ಹಸಿವಾಗಲಿಲ್ಲ. ಹೊಟ್ಟೆಯಲ್ಲಿ ಅಮ್ಮ ಕಟ್ಟಿಕೊಟ್ಟ ಹಳದಿ ಬುತ್ತಿ ಇತ್ತು. ಚುಕ್ಕಿ ರಾತ್ರಿಯೆಲ್ಲಾ ಈಜಿತು. ಹಗಲೆಲ್ಲಾ ಈಜಿತು. ದಡ ಹಿಂದೆ ಉಳಿಯಿತು, ದೀಪಗಳು ಹಿಂದೆ ಉಳಿದವು. ಅಲೆ ಈಗ ಯಾವ ಯಾವ ಕಡೆಯಿಂದಲೋ ಬರುತ್ತಿತ್ತು. ಆದರೆ ಮರಳಲ್ಲಿ ನಡೆದ ದಿಕ್ಕು ಚುಕ್ಕಿಯ ಮೈಯೊಳಗೆ ಇತ್ತು. ಅದೇ ದಿಕ್ಕಿಗೆ ಹೋಯಿತು.*

*ನೀರು ಆಳ ನೀಲಿಯಾಯಿತು. ಪಾಚಿಯ ಒಂದು ತುಣುಕು ತೇಲುತ್ತಿತ್ತು. ಚುಕ್ಕಿ ಅದರ ಪಕ್ಕಕ್ಕೆ ಬಂದು ಈಜು ನಿಲ್ಲಿಸಿತು. ಮುಂದಿನ ಎರಡು ಈಜುಗಾಲು ಮಡಚಿ ಬೆನ್ನ ಮೇಲೆ ಇಟ್ಟುಕೊಂಡು ಮಲಗಿತು.*

ಮೂರನೇ ಕ್ಲಾಸ್ ಟೀಚರ್
ಮೇಡಂ, ಬಹಳ ಚೆನ್ನಾಗಿದೆ. ಈಜುಗಾಲು ಬೆನ್ನ ಮೇಲೆ ಮಡಚುವುದು ನಿಜವಾ?

ಕೋಡಿ ಕಡಲು
ನಿಜ. ಆವೇಶ ಇಳಿದ ಮೇಲೆ ಮರಿಗಳು ರಾತ್ರಿ ಹಾಗೆ ತೇಲುತ್ತಾ ವಿಶ್ರಾಂತಿ ಪಡೆಯುತ್ತವೆ. ಒಂದು ಸಣ್ಣ ತಿದ್ದುಪಡಿ: ಉಸಿರಾಡಲು ಆಗಾಗ ತಲೆ ಎತ್ತುವುದನ್ನು ಒಂದು ಸಾಲಲ್ಲಿ ಸೇರಿಸಿ. ಇಲ್ಲದಿದ್ದರೆ ಮೀನಿನ ಹಾಗೆ ನೀರೊಳಗೇ ಇರುತ್ತದೆ ಅಂದುಕೊಳ್ಳುತ್ತಾಳೆ.

ದುಬೈ ಬಾವಿಕಟ್ಟೆ
ತಂಗಿ, ಅಕ್ಕ ಅಂತ ಬರೆದಿದ್ದೀರಿ. ಎಲ್ಲ ಹೆಣ್ಣಾ? ನನ್ನ ಮಗ ಈಗಲೇ ಕೇಳುತ್ತಿದ್ದಾನೆ.

ಕೋಡಿ ಕಡಲು
ಆಗಬಹುದು. ಕಡಲಾಮೆಯಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳ ಬಿಸಿ ತೀರ್ಮಾನಿಸುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದರೆ ಹೆಣ್ಣು ಜಾಸ್ತಿ, ತಂಪಾದರೆ ಗಂಡು ಜಾಸ್ತಿ. ಫೆಬ್ರವರಿ ಕೊನೆಗೆ ಇಟ್ಟ ಗೂಡು ಬಿಸಿಲಿನ ಜಾಗದಲ್ಲಿದ್ದರೆ ಹೆಣ್ಣು ಮರಿಗಳೇ ಹೆಚ್ಚಿರಬಹುದು. ಆದರೆ ಮರಿಯನ್ನು ಹೊರಗಿಂದ ನೋಡಿ ಹೇಳಲು ಬರುವುದಿಲ್ಲ. ನಿಮ್ಮ ಮಗನಿಗೆ ಒಂದು ಅಣ್ಣನನ್ನೂ ಸೇರಿಸಿದರೆ ತಪ್ಪೇನಿಲ್ಲ.

ಬೆಂಗಳೂರು ತಾತ
ಕಥೆ ಚೆನ್ನಾಗಿ ಬಂದಿದೆಯಮ್ಮ, ಒಪ್ಪಿದೆ. "ಮೇಲೆ, ಹಿಂದೆ, ಕೆಳಗೆ, ಮುಂದೆ" ಓದಿದಾಗ ನನಗೇ ಕಣ್ಣು ಎಳೆಯಿತು. ಆದರೆ ಚುಕ್ಕಿ ಮತ್ತೆ ದಡಕ್ಕೆ ಬರುವುದನ್ನು ಹೇಳಬೇಕು. ಅದಿಲ್ಲದೆ ಮಗು ಮಲಗಲ್ಲ. "ಆಮೇಲೆ?" ಅಂತ ಕೇಳುತ್ತದೆ.

ಬಲೆಮನೆ
ಅದಕ್ಕೆ ಹತ್ತು ಹದಿನೈದು ವರ್ಷ ಬೇಕು ತಾತ. ಹೆಣ್ಣಾಗಿದ್ದರೆ ಮೊಟ್ಟೆ ಇಡಲು ಹುಟ್ಟಿದ ದಡದ ಆಸುಪಾಸಿಗೇ ಬರುತ್ತದೆ. ಗಂಡು ಮರಳಿಗೆ ಹತ್ತುವುದೇ ಅಪರೂಪ. ನಡುವೆ ಟ್ರಾಲ್ ಬಲೆ ಇದೆ. ಉಸಿರಿಗೆ ಮೇಲೆ ಬರಲಾಗದೆ ಬಲೆಯೊಳಗೆ ಸಾಯುತ್ತವೆ. ಬಲೆಯಲ್ಲಿ ಆಮೆ ಹೊರಹೋಗಲು ಕಿಂಡಿ ಇಡಬಹುದು. ಅದರಿಂದ ಮೀನೂ ಹೋಗುತ್ತದೆ ಅಂತ ಬೋಟಿನವರ ತಕರಾರು. ನಮ್ಮನೆಯಲ್ಲೇ ಈ ಬಗ್ಗೆ ಎರಡು ಮಾತಿದೆ. ಅಪ್ಪ ಬೇಡ ಅನ್ನುತ್ತಾರೆ, ನಾನು ಬೇಕು ಅನ್ನುತ್ತೇನೆ.

ಮಲೆನಾಡ ಮಳೆ
ಇದು ಬೇರೆಯೇ ಚರ್ಚೆ, ಬೇರೆ ಶುರು ಮಾಡಿ. ಬಲೆಯ ಕಿಂಡಿಯಿಂದ ಎಷ್ಟು ಮೀನು ಹೋಗುತ್ತದೆ ಅಂತ ನನಗೂ ತಿಳಿಯಬೇಕು.

ಶರಾವತಿ ದಡ
ತಾತ, ಚುಕ್ಕಿ ಹಿಂತಿರುಗುವುದನ್ನು ಎರಡನೇ ಕಥೆ ಮಾಡುತ್ತೇನೆ. ಅದರಲ್ಲಿ ಅಮ್ಮ ಇರುತ್ತಾಳೆ, ಏಕೆಂದರೆ ಅಲ್ಲಿ ಚುಕ್ಕಿಯೇ ಅಮ್ಮ. ಮಾರ್ಚ್‌ನಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗುತ್ತೇವೆ. ಮರಿಗಳು ಬರುವುದನ್ನು ತೋರಿಸಬಹುದಾ?

ಕೋಡಿ ಕಡಲು
ಮೊದಲು ಅಲ್ಲಿನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಗೂಡಿಗೆ ಬೇಲಿ ಹಾಕಿ ದಿನ ಬರೆದಿಟ್ಟಿರುತ್ತಾರೆ, ಯಾವ ವಾರ ಮರಿ ಬರಬಹುದು ಅಂತ ಅವರಿಗೆ ಅಂದಾಜು ಇರುತ್ತದೆ. ಮರಿಯನ್ನು ಮುಟ್ಟಬೇಡಿ, ಗೂಡಿಗೂ ನೀರಿಗೂ ನಡುವೆ ನಿಲ್ಲಬೇಡಿ, ತೋಟದ ಕಡೆ ಕೂತುಕೊಳ್ಳಿ. ಮೊಬೈಲ್ ಫ್ಲ್ಯಾಶ್ ಬೇಡ. ಟಾರ್ಚ್ ಬೇಕೇ ಬೇಕಾದರೆ ಮಂದವಾದ ಕೆಂಪು ಬೆಳಕಿನದು ತನ್ನಿ, ಅದೂ ನಿಮ್ಮ ಕಾಲ ಬುಡಕ್ಕೆ ಮಾತ್ರ. ಕೆಂಪು ಅವುಗಳ ಕಣ್ಣಿಗೆ ಕಡಿಮೆ ತಾಗುತ್ತದೆ. ಚಿಕ್ಕ ಮಗು ಇರುವುದರಿಂದ ಸೊಳ್ಳೆಗೆ ಉದ್ದ ತೋಳಿನ ಅಂಗಿ ಮರೆಯಬೇಡಿ.